ಇನ್ನೂರು ಅಕ್ಷರದ ಪೆಟ್ಟಿಗೆ

ಕಲ್ಲಡ್ಕ ಪೇಟೆಯಲ್ಲಿ ಧನರಾಜನ ಸೈಬರ್ ಇದ್ದದ್ದು ಗೊಬ್ಬರದ ಅಂಗಡಿಯ ಮಹಡಿಯಲ್ಲಿ. ಮೆಟ್ಟಿಲು ಹತ್ತುವವರಿಗೆ ಮೊದಲು ಯೂರಿಯಾದ ವಾಸನೆ ಸಿಗುತ್ತಿತ್ತು, ಇಂಟರ್ನೆಟ್ ಆಮೇಲೆ, ಅದೂ ಕರೆಂಟು ಇದ್ದರೆ. ನಾಲ್ಕು ಕಂಪ್ಯೂಟರು, ನಡುವೆ ಪ್ಲೈವುಡ್ಡಿನ ಅಡ್ಡಗೋಡೆ, ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಎಂಬ ಆಜ್ಞೆ. 2008ರ ಆ ದಿನಗಳಲ್ಲಿ ಸುತ್ತಲಿನ ಊರಿನವರು ಅಲ್ಲಿಗೆ ಬರುತ್ತಿದ್ದದ್ದು ಜಗತ್ತನ್ನು ನೋಡಲಿಕ್ಕಲ್ಲ, ಅರ್ಜಿ ಹಾಕಿಸಲಿಕ್ಕೆ. ಕೀಬೋರ್ಡಿನ ಮುಂದೆ ಧನರಾಜ, ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಂಕಪಟ್ಟಿ ಹಿಡಿದ ಅರ್ಜಿದಾರ. ಹುಟ್ಟಿದ ದಿನ ಹೇಳುವುದು, ತಂದೆಯ ಹೆಸರು ಹೇಳುವುದು, ಇಷ್ಟೇ ಅರ್ಜಿದಾರನ ಪಾಲಿನದು. ಇಮೇಲ್ ವಿಳಾಸವನ್ನು ಧನರಾಜನೇ ಹುಟ್ಟಿಸುತ್ತಿದ್ದ. ಪಾಸ್‌ವರ್ಡ್ ಇಡೀ ಊರಿಗೆ ಒಂದೇ.

ಆದರೆ ಕೆಲವು ಕಂಪೆನಿಗಳ ಅರ್ಜಿಯಲ್ಲಿ ಕೊನೆಗೊಂದು ಬಿಳಿ ಪೆಟ್ಟಿಗೆ ಇರುತ್ತಿತ್ತು. ‘ಈ ಹುದ್ದೆ ನಿಮಗೆ ಏಕೆ ಬೇಕು?’ ಇದಕ್ಕೆ ಯಾವ ಅಂಕಪಟ್ಟಿಯಲ್ಲೂ ಉತ್ತರ ಇಲ್ಲ. ಜನ ಧನರಾಜನ ಮುಖ ನೋಡುತ್ತಿದ್ದರು. ಕೆಲಸ ಏಕೆ ಬೇಕು ಎಂದು ಕೇಳುವವನಿಗೆ ತಲೆ ಸರಿ ಉಂಟಾ ಎಂಬುದು ಅವರ ಮುಖದ ಅರ್ಥ. ಧನರಾಜನ ಹತ್ತಿರ ಅದಕ್ಕೆ ತಯಾರಿ ಉತ್ತರ ಇತ್ತು. ಒಂದು ಫೈಲು ತೆರೆದು, ಕಾಪಿ ಮಾಡಿ ಪೆಟ್ಟಿಗೆಯಲ್ಲಿ ಇಳಿಸಿದರೆ ಮುಗಿಯಿತು. ನಾನು ಶ್ರಮಜೀವಿ, ಪ್ರಾಮಾಣಿಕ, ಅವಕಾಶ ಕೊಟ್ಟರೆ ಮೇಲಧಿಕಾರಿಗಳಿಗೆ ತೃಪ್ತಿಯಾಗುವಂತೆ ದುಡಿಯುತ್ತೇನೆ ಎಂದು ಇಂಗ್ಲಿಷಿನಲ್ಲಿ. ಬಂಟ್ವಾಳ ತಾಲೂಕಿನ ಅರ್ಧಕ್ಕರ್ಧ ಯುವಕರು ಆ ಒಂದೇ ಬಾಯಿಯಿಂದ ಶ್ರಮಜೀವಿಗಳಾಗಿದ್ದರು.

ವಿಸ್ಮಿತಾ ಆ ಕುರ್ಚಿಯಲ್ಲಿ ಬಂದು ಕೂತದ್ದು ಒಂದು ಶನಿವಾರ ಮಧ್ಯಾಹ್ನ. ಕಲ್ಲಡ್ಕದಿಂದ ಒಳಗೆ ಹೋದರೆ ಸಿಗುವ ಮಜಲು ಅವಳ ಊರು. ಬಿ.ಎ. ಮುಗಿಸಿ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಹುಡುಗಿ. ಜಿಲ್ಲೆಗೆ ಹೊಸದಾಗಿ ಬರಲಿದ್ದ ಒಂದು ಆಂಬುಲೆನ್ಸ್ ಸಂಸ್ಥೆ ಪೇಪರಿನಲ್ಲಿ ಜಾಹೀರಾತು ಕೊಟ್ಟಿತ್ತು. ಕರೆ ಬಂದಾಗ ಫೋನ್ ಎತ್ತಿ, ಎಲ್ಲಿ, ಏನು ಎಂದು ಕೇಳಿ, ಗಾಡಿ ಕಳಿಸುವವರು ಬೇಕಾಗಿದ್ದಾರೆ, ತಾಲೂಕಿಗೆ ಒಬ್ಬರು, ಅರ್ಜಿ ಆನ್‌ಲೈನಿನಲ್ಲಿ ಮಾತ್ರ. ಆ ಕತ್ತರಿಸಿದ ಚೂರು ಅವಳ ಪರ್ಸಿನಲ್ಲಿ ನಾಲ್ಕು ಮಡಿಕೆಯಾಗಿತ್ತು. ಪದವಿ ಮುಗಿಸಿದ ಮೇಲೆ ಅವಳು ಬೇರೆ ಕೆಲಸಗಳಿಗೂ ಅರ್ಜಿ ಹಾಕಿಸಿದ್ದುಂಟು, ಆದರೆ ಅವು ಸಿಕ್ಕಿದರೆ ಸಿಕ್ಕಲಿ ಎಂಬ ಅರ್ಜಿಗಳು. ಈ ಕೆಲಸ ಅವಳಿಗೆ ಬೇಕೇ ಬೇಕಾಗಿತ್ತು.

ಹೆಸರು, ವಿಳಾಸ, ಅಂಕ ಎಲ್ಲ ತುಂಬಿಸಿ ಆಯಿತು. ಬಿಳಿ ಪೆಟ್ಟಿಗೆ ಬಂತು. ಧನರಾಜನ ಕೈ ತಾನಾಗಿ ತನ್ನ ಫೈಲಿನ ಕಡೆ ಹೋಯಿತು.

“ಅದು ಬೇಡ ಧನರಾಜಣ್ಣ. ನಾನೇ ಬರೆದು ತಂದಿದ್ದೇನೆ” ಎಂದಳು ವಿಸ್ಮಿತಾ.

“ನೀನು ಬರೆದದ್ದಾ?” ಧನರಾಜ ಕೈ ಚಾಚಿ ಕಾಗದ ತೆಗೆದುಕೊಂಡ. ಎರಡೂ ಬದಿ ಕನ್ನಡದಲ್ಲಿ ತುಂಬಿದ್ದನ್ನು ನೋಡಿ ನಕ್ಕ. “ಇದು ಪ್ರಬಂಧ ಸ್ಪರ್ಧೆ ಅಲ್ಲ ಮಾರಾಯ್ತಿ. ಇಲ್ಲಿ ನೋಡು, ಇನ್ನೂರು ಅಕ್ಷರ ಅಂತ ಬರೆದುಂಟು. ಇನ್ನೂರು ಶಬ್ದ ಅಲ್ಲ, ಅಕ್ಷರ. ಎರಡು ಶಬ್ದದ ನಡುವೆ ಜಾಗ ಬಿಟ್ಟರೆ ಅದೂ ಒಂದು, ಫುಲ್‌ಸ್ಟಾಪ್ ಇಟ್ಟರೆ ಅದೂ ಒಂದು. ಮತ್ತೆ ಕನ್ನಡ ಹಾಕಿದ್ರೆ ಅಲ್ಲಿ ಅವರಿಗೆ ಬರೀ ಪ್ರಶ್ನೆ ಚಿಹ್ನೆ ಕಾಣ್ತದೆ. ಇಂಗ್ಲಿಷೇ ಆಗ್ಬೇಕು.”

ಹಾಗೆ ಹೇಳಿದವನು ಓದಲಿಕ್ಕೆ ಸುರು ಮಾಡಿದ ಮೇಲೆ ನಗಲಿಲ್ಲ.

ಮೂರು ವರ್ಷದ ಹಿಂದಿನ ಸಂಗತಿ ಅದು. ವಿಸ್ಮಿತಾಳ ತಾಯಿ ದಮಯಂತಿ ದನಕ್ಕೆ ಹುಲ್ಲು ಕೊಯ್ಯುತ್ತಿದ್ದಾಗ ಹಾವು ಕಚ್ಚಿತು. ವಿಸ್ಮಿತಾ ಓಡಿ ಹೋಗಿ ಅಂಗಡಿಯ ಫೋನಿನಿಂದ ಆಗ ಇದ್ದ ಒಂದು ಆಂಬುಲೆನ್ಸಿಗೆ ಕರೆ ಮಾಡಿದಳು. ಎತ್ತಿದವನು ಯಾವ ಊರು ಎಂದ. ಇವಳು ಮಜಲು ಎಂದಳು. “ಗೊತ್ತುಂಟು, ಬರ್ತದೆ” ಎಂದು ಇಟ್ಟುಬಿಟ್ಟ. ಅಷ್ಟರಲ್ಲಿ ಜೀಪಿನ ಶಾಹುಲ್ ಹಮೀದ್ ಮನೆಯ ಹತ್ತಿರವೇ ಬಂದು ನಿಂತಿದ್ದ, ಹಾಕಿ ಕೊಂಡುಹೋಗುವ ಎಂದಿದ್ದ. ಅಪ್ಪ ಹುಕ್ರಪ್ಪನೇ ಬೇಡವೆಂದ. ಆಂಬುಲೆನ್ಸಿನಲ್ಲಿ ಔಷಧಿ ಇರುತ್ತದೆ, ದಾರಿಯಲ್ಲೇ ಇಂಜೆಕ್ಷನ್ ಕೊಡುತ್ತಾರೆ, ಬರ್ತದೆ ಅಂತ ಹೇಳಿದ್ದಾರಲ್ಲ. ಕಾದರು. ಗಾಡಿ ಬರಲೇ ಇಲ್ಲ ಎಂದಲ್ಲ, ಬಂತು, ಬೆಳ್ತಂಗಡಿ ಕಡೆಯ ಇನ್ನೊಂದು ಮಜಲಿಗೆ. ಈ ಸೀಮೆಯಲ್ಲಿ ಮಜಲು ಎಂದರೆ ಬೇಕಾದಷ್ಟು ಸಿಗುತ್ತವೆ. ಕೊನೆಗೆ ಶಾಹುಲ್ ಹಮೀದನ ಜೀಪಿನಲ್ಲೇ ಹಾಕಿಕೊಂಡು ಹೊರಟರು. ಬಿ.ಸಿ. ರೋಡು ದಾಟುವ ಮೊದಲೇ ದಮಯಂತಿಯ ಕೈ ಮಗಳ ಕೈಯೊಳಗೆ ಸಡಿಲವಾಯಿತು.

ಊರಿಗೆಲ್ಲ ಗೊತ್ತಿದ್ದ ಕಥೆಯೇ. ಊರಿಗೆ ಗೊತ್ತಿಲ್ಲದ್ದು ಒಂದೇ. ಫೋನ್ ಎತ್ತಿದವನು ಯಾವ ಮಜಲು ಎಂದು ಕೇಳಲಿಲ್ಲ ನಿಜ, ಆದರೆ ಕಲ್ಲಡ್ಕದ ಹತ್ತಿರದ ಮಜಲು ಎಂದು ತಾನಾದರೂ ಹೇಳಬಹುದಿತ್ತಲ್ಲ ಎಂಬುದು ವಿಸ್ಮಿತಾಳಿಗೆ ದಿನಾ ನೆನಪಾಗುತ್ತಿತ್ತು. ಬೀಡಿಯ ಎಲೆ ಸುರುಳಿ ಸುತ್ತುವಾಗ, ನೀರು ಸೇದುವಾಗ, ಅಪ್ಪನಿಗೆ ಗಂಜಿ ಬಡಿಸುವಾಗ. ಗಾಬರಿಯಲ್ಲಿದ್ದವರಿಗೆ ಹೇಳಲಿಕ್ಕೆ ಬರುವುದಿಲ್ಲ. ಕೇಳುವವನೇ ಕೇಳಬೇಕು. ಫೋನ್ ಎತ್ತುವವನ ಕುರ್ಚಿಯಲ್ಲಿ ತಾನು ಕೂತರೆ ಕೇಳಿಯೇನು, ಯಾವ ಮಜಲು, ಹತ್ತಿರ ಶಾಲೆ ಉಂಟಾ, ಯಾವ ಬಸ್ಸು ಬರ್ತದೆ ಎಂದು ಕೇಳಿಯೇ ಫೋನ್ ಇಟ್ಟೇನು. ಅದಕ್ಕಾಗಿ ಬೇಕಿತ್ತು ಅವಳಿಗೆ ಆ ಕೆಲಸ. ಸಂಬಳ ಎಷ್ಟು ಎಂದು ಜಾಹೀರಾತಿನಲ್ಲಿ ಬರೆದದ್ದನ್ನು ಅವಳು ಎರಡನೇ ಸಲ ಓದಿರಲಿಲ್ಲ.

ಧನರಾಜ ಕನ್ನಡಕ ತೆಗೆದು ಒರೆಸಿದ. “ಆಯ್ತು, ಬರೆಯುವ” ಎಂದ.

ಪೋರ್ಟಲಿನ ಪೆಟ್ಟಿಗೆಯಲ್ಲೇ ಬರೆಯುತ್ತ ಕೂತರೆ ಆಗುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅದು ಹೊರಗೆ ಹಾಕುತ್ತದೆ, ಮತ್ತೆ ಮೊದಲಿಂದ ತುಂಬಿಸಬೇಕು. ಹಾಗಾಗಿ ನೋಟ್‌ಪ್ಯಾಡ್ ತೆರೆದು ಅದರಲ್ಲಿ ಬರೆದರು. ವಿಸ್ಮಿತಾ ತನ್ನ ಕಾಲೇಜು ಇಂಗ್ಲಿಷಿನಲ್ಲಿ ಹೇಳಿದಳು, ಧನರಾಜ ತಿದ್ದಿ ಟೈಪು ಮಾಡಿದ. ಅದನ್ನು ಪೆಟ್ಟಿಗೆಗೆ ಇಳಿಸಿ ನೋಡಿದರೆ ಕೆಳಗೆ ‘ಉಳಿದ ಅಕ್ಷರಗಳು: 0’ ಎಂದು ಬಂತು. ಉತ್ತರ ಅರ್ಧದಲ್ಲಿ ಕಡಿದುಹೋಗಿತ್ತು. ದಮಯಂತಿಗೆ ಹಾವು ಕಚ್ಚುವಷ್ಟರಲ್ಲೇ ಪೆಟ್ಟಿಗೆ ತುಂಬಿತ್ತು.

“ತಾರೀಕು ತೆಗೆಯುವ. ಅದರಿಂದ ಅವರಿಗೆ ಎಂತ ಆಗ್ಲಿಕ್ಕುಂಟು?”

ತಾರೀಕು ಹೋಯಿತು. ಹುಲ್ಲು ಕೊಯ್ಯುತ್ತಿದ್ದದ್ದು ಹೋಯಿತು. ಶಾಹುಲ್ ಹಮೀದನ ಜೀಪು ಹೋಯಿತು. ಅಂಗಡಿಯ ಫೋನು ಹೋಯಿತು. ಪ್ರತಿ ಸಲ ಇಳಿಸುವುದು, ಬಾಲ ಕಡಿಯುವುದನ್ನು ನೋಡುವುದು, ನೋಟ್‌ಪ್ಯಾಡಿಗೆ ವಾಪಸು ಬಂದು ಇನ್ನೊಂದು ವಾಕ್ಯ ಅಳಿಸುವುದು.

“ಮಜಲು ಅಂತ ಬರೆದ್ರೆ ಬೆಂಗಳೂರಲ್ಲಿ ಓದುವವರಿಗೆ ಎಂತ ಗೊತ್ತಾಗ್ತದೆ? ಅದನ್ನು ವಿವರಿಸ್ಲಿಕ್ಕೆ ಇನ್ನೊಂದು ಸಾಲು ಬೇಕು. ಅದೇ ಹೆಸರಿನ ಬೇರೆ ಊರಿಗೆ ಹೋಯ್ತು ಅಂತ ಹಾಕುವ. ಸಾಕು.”

ಮಜಲೂ ಹೋಯಿತು. ಆದರೂ ಕೊನೆಯ ಎರಡು ಶಬ್ದ ಒಳಗೆ ಬರಲಿಲ್ಲ.

“ಅಮ್ಮನ ಹೆಸರು” ಎಂದ ಧನರಾಜ. ಹೇಳಲಿಕ್ಕೆ ಅವನಿಗೂ ಕಷ್ಟವಾಯಿತು. “ನನ್ನ ತಾಯಿ ಅಂದ್ರೆ ಸಾಕಲ್ವಾ? ಹೆಸರು ಬೇಕೂಂತ ಇಲ್ಲ.”

ವಿಸ್ಮಿತಾ ತಾನೇ ಕೈ ಚಾಚಿ, ಇಂಗ್ಲಿಷಿನಲ್ಲಿದ್ದ ಆ ಹೆಸರನ್ನು ಒಂದೊಂದೇ ಅಕ್ಷರವಾಗಿ ಹಿಂದಿನಿಂದ ಅಳಿಸಿದಳು.

ಉಳಿದದ್ದು ಇಷ್ಟು, ಇಂಗ್ಲಿಷಿನಲ್ಲಿ: ನನ್ನ ತಾಯಿ ಹಾವು ಕಚ್ಚಿ ತೀರಿಕೊಂಡರು. ನಾನು ಗಾಡಿಗೆ ಫೋನ್ ಮಾಡಿದ್ದೆ. ಅದು ಅದೇ ಹೆಸರಿನ ಬೇರೆ ಊರಿಗೆ ಹೋಯಿತು. ಫೋನಿನಲ್ಲಿದ್ದವನು ಯಾವುದು ಎಂದು ಕೇಳಲಿಲ್ಲ. ನನಗೆ ತುಳು, ಬ್ಯಾರಿ, ಕನ್ನಡ ಬರುತ್ತದೆ. ನಾನು ಕೇಳಿಯೇ ಕಳಿಸುತ್ತೇನೆ.

“ಎಷ್ಟು ಚಂದ ಉಂಟು” ಎಂದ ಧನರಾಜ. ಮನಸ್ಸಿನಿಂದಲೇ ಹೇಳಿದ. ಅದನ್ನು ಮೂರು ಸಲ ಓದಿದ.

ಪೆಟ್ಟಿಗೆಗೆ ಇಳಿಸಬೇಕು ಎನ್ನುವಾಗ ಕರೆಂಟು ಹೋಯಿತು. ಯುಪಿಎಸ್ ಕಿರಿಚಿಕೊಂಡಿತು. ಅದರ ಜೀವ ಎರಡು ನಿಮಿಷ. ಧನರಾಜ ಉತ್ತರವನ್ನು ಒಂದು ಫೈಲಾಗಿ ಉಳಿಸಿ ಕಂಪ್ಯೂಟರ್ ನಿಲ್ಲಿಸಿದ. ಅರ್ಜಿ ಹೋಗಿರಲಿಲ್ಲ. ಕರೆಂಟು ಯಾವಾಗ ಬರುತ್ತದೆ ಎಂದು ಮೆಸ್ಕಾಂನವರಿಗೇ ಗೊತ್ತಿಲ್ಲ, ವಿಸ್ಮಿತಾಳಿಗೆ ಮಜಲಿನ ಕಡೆಯ ಕೊನೆಯ ಬಸ್ಸು ಹಿಡಿಯಬೇಕು.

“ಸೋಮವಾರ ಬಾ. ಸೋಮವಾರವೇ ಕೊನೇ ದಿನ, ಬೆಳಿಗ್ಗೆಯೇ ಬಾ. ಎಲ್ಲ ಇಲ್ಲೇ ಉಂಟು, ಎಲ್ಲಿಗೂ ಹೋಗುವುದಿಲ್ಲ” ಎಂದ ಧನರಾಜ.

ಸೋಮವಾರ ಅವಳು ಹೋದಳು. ಮತ್ತೆ ಮೊದಲಿನಿಂದ ತುಂಬಿಸಿ, ಉತ್ತರ ಇಳಿಸಿ, ಬಟನ್ ಒತ್ತಿ, ಅರ್ಜಿ ನಂಬರಿನ ಪ್ರಿಂಟು ಹಿಡಿದು ಮೆಟ್ಟಿಲು ಇಳಿದಳು. ಅಂದು ಅವಳಿಗೆ ಯೂರಿಯಾದ ವಾಸನೆಯೂ ಬಡಿಯಲಿಲ್ಲ.

ಸಂದರ್ಶನಕ್ಕೆ ಕರೆ ಬಂದದ್ದು ಮೂಡುಬಿದಿರೆಗೆ. ಅಲ್ಲಿನ ಒಂದು ಸಭಾಭವನದಲ್ಲಿ ಮೇಜು ಹಾಕಿದ್ದರು. ವಿಸ್ಮಿತಾ ಬಂಟ್ವಾಳ, ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ಹೋದಳು. ಬಸ್ಸಿನ ಕಿಟಕಿಯಿಂದ ಕಂಡ ಊರುಗಳ ಹೆಸರುಗಳನ್ನೆಲ್ಲ ಓದುತ್ತ, ಇದೇ ಹೆಸರಿನ ಇನ್ನೊಂದು ಊರು ಎಲ್ಲುಂಟು ಎಂದು ತನ್ನನ್ನೇ ಪರೀಕ್ಷೆ ಮಾಡುತ್ತ ಹೋದಳು. ಹೆಚ್ಚಿನವಕ್ಕೆ ಉತ್ತರ ಗೊತ್ತಿತ್ತು. ಹುಡುಗಿ ಆ ಮೂರು ವರ್ಷ ಸುಮ್ಮನೆ ಕೂತಿರಲಿಲ್ಲ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿಗೆ ಬರುವ ಹೆಂಗಸರ ಹತ್ತಿರ, ಬಸ್ಸಿನ ಕಂಡಕ್ಟರುಗಳ ಹತ್ತಿರ, ಶಾಹುಲ್ ಹಮೀದನ ಹತ್ತಿರ ಕೇಳಿ ಕೇಳಿ ಇಡೀ ತಾಲೂಕನ್ನು ತಲೆಯೊಳಗೆ ತುಂಬಿಸಿಕೊಂಡಿದ್ದಳು.

ಸಭಾಭವನದ ಜಗಲಿಯಲ್ಲಿ ಪರಿಚಯದ ಮುಖವೊಂದು ಸಿಕ್ಕಿತು. ಪಕ್ಕದ ಊರಿನ ತಿಲಕ್. ಅವನ ತಾಯಿ ಗುಲಾಬಿ ಇವಳ ಹಾಗೆಯೇ ಬೀಡಿ ಕಟ್ಟುವವಳು, ಒಂದೇ ಬ್ರಾಂಚಿಗೆ ತರುವವಳು. ತಿಲಕ್ ಟೈ ಕಟ್ಟಿಕೊಂಡಿದ್ದ, ಅದು ಕುತ್ತಿಗೆಯಲ್ಲಿ ಒಂದು ಬದಿಗೆ ಸರಿದಿತ್ತು. ಇಬ್ಬರೂ ನಕ್ಕರು. ಊಟಕ್ಕೆ ಮೊದಲೇ ಅವನನ್ನು ಒಳಗೆ ಕರೆದರು. ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು. ಹೇಗಾಯ್ತು ಎಂದು ವಿಸ್ಮಿತಾ ಕೇಳಿದರೆ ಮುಖ ಕೊಡದೆ ಮೆಟ್ಟಿಲಿಳಿದು ಹೋದ. ಪಾಪ, ಕಷ್ಟದ ಪ್ರಶ್ನೆ ಕೇಳಿರಬೇಕು ಎಂದುಕೊಂಡಳು ಇವಳು.

ಮಧ್ಯಾಹ್ನದ ಮೇಲೆ ಇವಳ ಸರದಿ. ಮೇಜಿನ ಆಚೆ ಒಬ್ಬ ಹೆಂಗಸು, ಒಬ್ಬ ಗಂಡಸು, ಇಬ್ಬರೂ ಬೆಂಗಳೂರಿನವರು. ಹೆಂಗಸಿನ ಕೈಯಲ್ಲಿ ಅರ್ಜಿಗಳ ಪ್ರಿಂಟು. ಅವರು ಓದಿದರು, ಪುಟ ತಿರುಗಿಸಿ ಇನ್ನೊಂದು ಪ್ರಿಂಟು ತೆಗೆದರು, ಎರಡನ್ನೂ ಗಂಡಸಿನ ಮುಂದೆ ಇಟ್ಟರು.

“ನಿಮ್ಮ ತಾಯಿಗೂ ಹಾವು ಕಚ್ಚಿತ್ತಾ?” ಎಂದರು ಆ ಹೆಂಗಸು.

‘ಗೂ’ ಎಂದದ್ದು ಏಕೆಂದು ವಿಸ್ಮಿತಾಳಿಗೆ ತಿಳಿಯಲಿಲ್ಲ. “ಹೌದು ಮೇಡಂ.”

“ಗಾಡಿ ಅದೇ ಹೆಸರಿನ ಬೇರೆ ಊರಿಗೆ ಹೋಯ್ತು.”

“ಹೌದು ಮೇಡಂ.”

“ಇದೇ ಕಥೆಯನ್ನು ಬೆಳಿಗ್ಗೆ ಇನ್ನೊಬ್ಬರು ಹೇಳಿದ್ರು. ಕಥೆ ಮಾತ್ರ ಅಲ್ಲ, ಇಲ್ಲಿ ಬರೆದಿರೋ ಒಂದೊಂದು ಶಬ್ದವೂ ಅದೇ. ಕಾಮಾನೂ ಬದಲಾಗಿಲ್ಲ.” ಅವರು ಪ್ರಿಂಟನ್ನು ಇವಳ ಕಡೆ ತಿರುಗಿಸಿದರು. ಮೇಲಿನ ಹೆಸರನ್ನು ಅಂಗೈಯಿಂದ ಮುಚ್ಚಿದ್ದರು, ಆದರೆ ತಾಲೂಕು ಬಂಟ್ವಾಳ ಎಂದು ಕಾಣುತ್ತಿತ್ತು.

ವಿಸ್ಮಿತಾ ತನ್ನ ವಾಕ್ಯಗಳನ್ನು ಓದಿದಳು. ತಿಲಕನ ಕೆಂಪಾದ ಕಣ್ಣು ನೆನಪಾಯಿತು.

“ಇದು ನಾನು ಬರೆದದ್ದು. ನನ್ನ ಅಮ್ಮ” ಎಂದಳು.

“ಅವರ ಅರ್ಜಿ ಶನಿವಾರ ರಾತ್ರಿ ಬಂದಿದೆ, ನಿಮ್ಮದು ಸೋಮವಾರ” ಎಂದ ಗಂಡಸು. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಅವರನ್ನ ಕೇಳಿದ್ವಿ. ಹೌದು ಅಂದ್ರು. ಹೆಚ್ಚು ಮಾತಾಡೋಕೂ ಆಗಲಿಲ್ಲ ಅವರಿಗೆ, ಅತ್ತುಬಿಟ್ರು.”

ವಿಸ್ಮಿತಾಳಿಗೆ ಅಳು ಬರಲಿಲ್ಲ. ಬರಬೇಕಾದ ಹೊತ್ತಿಗೆ ಬಾರದ ಅಳು ಅದು. ಅವಳು ಹೇಳಲಿಕ್ಕೆ ಸುರು ಮಾಡಿದಳು. ಮಜಲು, ಹುಲ್ಲು, ಅಂಗಡಿಯ ಫೋನು, ಜೀಪು, ಅಪ್ಪ ಬೇಡವೆಂದದ್ದು, ಬಿ.ಸಿ. ರೋಡು. ಇನ್ನೂರು ಅಕ್ಷರಕ್ಕಾಗಿ ಕಡಿದು ಬಿಸಾಡಿದ್ದನ್ನೆಲ್ಲ ಒಂದೊಂದಾಗಿ ಹೆಕ್ಕಿ ಮೇಜಿನ ಮೇಲೆ ಇಟ್ಟಳು. ಶಾಲೆಯಲ್ಲಿ ಕಲಿತ ಪುಸ್ತಕದ ಕನ್ನಡ, ನಿಧಾನದ ಕನ್ನಡ, ಎಲ್ಲ ಸರಿಯಾದ ಕ್ರಮದಲ್ಲಿ. ಮೂರು ವರ್ಷ ಮನಸ್ಸಿನೊಳಗೆ ಹೇಳಿ ಹೇಳಿ ಸವೆದುಹೋದ ಮಾತು. ಅದು ಬಾಯಿಪಾಠ ಒಪ್ಪಿಸಿದ ಹಾಗೆ ಕೇಳಿಸಿತು, ಅವಳ ಕಿವಿಗೂ.

“ಶಾಹುಲ್ ಹಮೀದರ ಮೊಬೈಲ್ ನಂಬರ್ ನನಗೆ ಬಾಯಲ್ಲಿ ಬರ್ತದೆ. ಈಗಲೇ ಫೋನ್ ಮಾಡಿ ಕೇಳಬಹುದು. ನಾಳೆ ಮರಣ ಪ್ರಮಾಣಪತ್ರವನ್ನೂ ತರ್ತೇನೆ.”

“ಮರಣ ಪ್ರಮಾಣಪತ್ರದಲ್ಲಿ ಕಾರಣ ಬರೆದಿರೋದಿಲ್ಲಮ್ಮ” ಎಂದ ಗಂಡಸು. ಅದು ನಿಜವೇ. “ಮತ್ತೆ ಯಾರ್‍ಯಾರಿಗೋ ಫೋನ್ ಮಾಡಿ ಕೇಳೋ ಪದ್ಧತಿ ನಮ್ಮಲ್ಲಿಲ್ಲ.”

“ಹೆಸರಾದರೂ ಬರೆಯಬಹುದಿತ್ತಲ್ಲ?” ಎಂದರು ಹೆಂಗಸು, ಸ್ವಲ್ಪ ಮೆತ್ತಗೆ. “ಊರಿನ ಹೆಸರು, ತಾಯಿಯ ಹೆಸರು. ಒಂದಾದರೂ ಇದ್ದಿದ್ರೆ ನೋಡಬಹುದಿತ್ತು. ಇದರಲ್ಲಿ ನಿಮ್ಮದು ಅಂತ ಹೇಳೋಕೆ ಏನಿದೆ ಹೇಳಿ.”

“ಜಾಗ ಸಾಕಾಗ್ಲಿಲ್ಲ ಮೇಡಂ” ಎಂದಳು ವಿಸ್ಮಿತಾ.

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸತ್ತ ತಾಯಿಯ ಹೆಸರಿಗೆ ಜಾಗ ಸಾಕಾಗಲಿಲ್ಲ ಎನ್ನುವವಳನ್ನು ಯಾರು ನಂಬುತ್ತಾರೆ? ತಾವೇ ಇಟ್ಟ ಪೆಟ್ಟಿಗೆ ಎಷ್ಟು ಚಿಕ್ಕದೆಂದು ಇಟ್ಟವರಿಗೆ ಎಲ್ಲಿ ಗೊತ್ತಿರುತ್ತದೆ? ಗಂಡಸು ಅವಳ ಪ್ರಿಂಟಿನ ಮೂಲೆಯಲ್ಲಿ ಸಣ್ಣದೇನೋ ಗೀಚಿದ. ತುಳು ಬರುತ್ತದೆಯೇ, ಬ್ಯಾರಿ ಬರುತ್ತದೆಯೇ, ಊರುಗಳು ಗೊತ್ತೇ, ಯಾವುದನ್ನೂ ಅವರು ಕೇಳಲಿಲ್ಲ.

ಮರುದಿನ ಅವಳು ಧನರಾಜನ ಮೆಟ್ಟಿಲು ಹತ್ತಿದಾಗ ಅವನು ಯಾರದೋ ಪಾಸ್‌ಪೋರ್ಟಿನ ಅರ್ಜಿ ತುಂಬುತ್ತಿದ್ದ. ಅದು ಮುಗಿದು ಆ ಮನುಷ್ಯ ಹೋಗುವವರೆಗೆ ವಿಸ್ಮಿತಾ ನಿಂತೇ ಇದ್ದಳು.

“ನನ್ನದನ್ನು ತಿಲಕನಿಗೆ ಹಾಕಿದ್ರಾ ಧನರಾಜಣ್ಣ?”

ಅವನು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಎಂದು ಅವನಿಗೆ ಅನಿಸಿಯೇ ಇರಲಿಲ್ಲ. “ಹೌದು. ಅವತ್ತು ಕರೆಂಟು ಬಂದ ಮೇಲೆ ಬಂದಿದ್ದ. ನನ್ನ ಹಳೇದಕ್ಕಿಂತ ನಿನ್ನದು ಎಷ್ಟೋ ಲಾಯ್ಕ ಇತ್ತಲ್ಲ, ಆ ಹುದ್ದೆಗೇ ಹೇಳಿ ಮಾಡಿಸಿದ ಹಾಗೆ. ಅವನಿಗೆ ಓದಿಯೂ ಹೇಳ್ಲಿಲ್ಲ, ಹಾಕಿದೆ. ಯಾಕೆ, ಎಂತ ಆಯ್ತು?”

ಅವಳು ಹೇಳಿದಳು. ಹೇಳುತ್ತ ಹೋದ ಹಾಗೆ ಧನರಾಜನ ಮುಖ ಬಿಳಿಚಿಕೊಂಡಿತು.

“ಒಬ್ಬರ ಅರ್ಜಿಯನ್ನು ಇನ್ನೊಬ್ಬರದ್ದರ ಜೊತೆ ಇಟ್ಟು ನೋಡ್ತಾರೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಇಷ್ಟು ವರ್ಷದಲ್ಲಿ ಯಾರೂ ನೋಡಿದ್ದಿಲ್ಲ. ಅದನ್ನು ಯಾರೂ ಓದುವುದೇ ಇಲ್ಲಾಂತ ನಾನು” ಎಂದು ಅಲ್ಲಿಗೇ ನಿಲ್ಲಿಸಿದ. ಮತ್ತೆ, “ಫೋಟೋ ಸ್ಟುಡಿಯೋದಲ್ಲಿ ಒಂದು ಕೋಟು ತೂಗಾಕಿರ್ತಾರಲ್ಲ ವಿಸ್ಮಿತಾ, ಬಂದವರೆಲ್ಲ ಅದನ್ನೇ ಹಾಕ್ಕೊಂಡು ಫೋಟೋ ತೆಗೆಸ್ಕೊಳ್ಳುವುದಿಲ್ವಾ? ನಾನು ಹಾಗೇಂತ ಎಣಿಸಿದ್ದು.”

“ಅದು ಕೋಟಲ್ಲ, ನನ್ನ ಅಮ್ಮ” ಎಂದಳು ವಿಸ್ಮಿತಾ.

ಧನರಾಜ ತಲೆ ತಗ್ಗಿಸಿದ. ತಾನೇ ಅವರಿಗೆ ಬರೆಯುತ್ತೇನೆ, ತಪ್ಪು ನನ್ನದು ಎಂದು ಹೇಳುತ್ತೇನೆ ಎಂದ. ಅವಳ ಎದುರೇ ಕೂತು ಸಂಸ್ಥೆಯ ವಿಳಾಸಕ್ಕೆ ಇಮೇಲ್ ಕಳಿಸಿದ. ತಕ್ಷಣ ಉತ್ತರ ಬಂತು, ಅಷ್ಟು ಬೇಗ ಮನುಷ್ಯರು ಉತ್ತರ ಬರೆಯುವುದಿಲ್ಲ. ನಿಮ್ಮ ಆಸಕ್ತಿಗೆ ಧನ್ಯವಾದ, ಈ ವಿಳಾಸಕ್ಕೆ ಬಂದ ಪತ್ರಗಳನ್ನು ಯಾರೂ ಓದುವುದಿಲ್ಲ ಎಂದಿತ್ತು ಅದರಲ್ಲಿ.

ಹತ್ತು ಹದಿನೈದು ದಿನ ಕಳೆದಿರಬೇಕು. ವಿಸ್ಮಿತಾ ಬೀಡಿಯ ಕಟ್ಟುಗಳನ್ನು ತೆಗೆದುಕೊಂಡು ಬ್ರಾಂಚಿಗೆ ಹೋದಳು. ಹೆಂಗಸರ ಸಾಲು ಬಾಗಿಲ ಹೊರಗಿನವರೆಗೆ ಇತ್ತು. ಸಾಲಿನ ನಡುವೆ ಗುಲಾಬಿ ಒಂದು ಸ್ವೀಟಿನ ಪೊಟ್ಟಣ ಬಿಡಿಸಿ ಹಂಚುತ್ತಿದ್ದಳು. ತಂಬಾಕಿನ ಘಾಟಿನ ನಡುವೆ ತುಪ್ಪದ ಪರಿಮಳ.

“ತೆಕ್ಕೊ ಮಗಾ, ತಿಲಕನಿಗೆ ಆಯ್ತು” ಎಂದಳು ಗುಲಾಬಿ. “ಆಂಬುಲೆನ್ಸಿನದ್ದು. ನಿನ್ನೆ ಕಾಗದ ಬಂತು. ನೀನೂ ಹೋಗಿದ್ದೆಯಂತಲ್ಲ, ನಿನಗೆ ಯಾಕೆ ಆಗ್ಲಿಲ್ಲ? ಅವನಿಗಿಂತ ನಿನಗೆ ಮಾರ್ಕು ಜಾಸ್ತಿ.”

ವಿಸ್ಮಿತಾಳ ಅಂಗೈ ಮೇಲೆ ಮೈಸೂರು ಪಾಕಿನ ತುಂಡು ಕೂತಿತ್ತು.

“ಎಂತದೋ ಉತ್ತರ ಬರೆದದ್ದು ಅವರಿಗೆ ಭಾರೀ ಇಷ್ಟ ಆಯ್ತಂತೆ” ಎಂದಳು ಗುಲಾಬಿ, ಸ್ವಲ್ಪ ಹತ್ತಿರ ಸರಿದು. “ಎಂತ ಬರೆದದ್ದು ಮಾರಾಯ ಅಂತ ಕೇಳಿದ್ರೆ ಹೇಳುವುದಿಲ್ಲ. ಕೆಲಸ ಸಿಕ್ಕಿದ ಖುಷಿಯೂ ಇಲ್ಲ ಅವನಿಗೆ. ನಾನು ಬಡಿಸುವಾಗ ನನ್ನ ಮುಖವನ್ನೇ ನೋಡುವುದಿಲ್ಲ, ಬಟ್ಟಲು ನೋಡ್ತಾನೆ. ನಿನಗೇನಾದ್ರೂ ಗೊತ್ತುಂಟಾ, ಎಂತ ಬರೆದದ್ದೂಂತ?”

ವಿಸ್ಮಿತಾಳಿಗೆ ಗೊತ್ತಿತ್ತು. ಸಾಲಿನಲ್ಲಿದ್ದ ಹೆಂಗಸರೆಲ್ಲ ದಮಯಂತಿಯನ್ನು ಕಂಡವರು, ಇದೇ ಸಾಲಿನಲ್ಲಿ ಅವಳ ಜೊತೆ ನಿಂತವರು. ಇಲ್ಲಿ ಒಂದು ಮಾತು ಆಡಿದರೆ ಸಾಕು, ಸಂಜೆಯೊಳಗೆ ಊರೆಲ್ಲ ತಿಲಕನ ಮುಖಕ್ಕೆ ಉಗಿಯುತ್ತದೆ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಉಗಿಯಬೇಕಾದ್ದೇ ಎಂದು ಅವಳಿಗೆ ಒಂದು ಕ್ಷಣ ಅನಿಸಿಯೂ ಅನಿಸಿತು. ಎದುರಿಗೆ ಗುಲಾಬಿ ನಿಂತಿದ್ದಳು, ಎಲೆ ಕತ್ತರಿಸಿ ಕತ್ತರಿಸಿ ಹೆಬ್ಬೆರಳು ದಡ್ಡುಗಟ್ಟಿದ ಹೆಂಗಸು, ಜೀವಂತ. ಮಗ ತನ್ನನ್ನು ಸಾಯಿಸಿ ಕೆಲಸ ಹಿಡಿದ ಎಂಬುದನ್ನು ಇವಳಿಗೆ ಹೇಳುವುದು ಹೇಗೆ?

“ಅಮ್ಮನ ಬಗ್ಗೆ ಬರೆದದ್ದಂತೆ ಗುಲಾಬಿಯಕ್ಕ” ಎಂದಳು.

“ನನ್ನ ಬಗ್ಗೆಯಾ?”

“ಹೌದು. ಅಮ್ಮನಿಗಾಗಿ ಈ ಕೆಲಸ ಬೇಕು ಅಂತ.”

ಗುಲಾಬಿಯ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, ನಗುತ್ತ, ಇನ್ನೊಂದು ತುಂಡನ್ನು ವಿಸ್ಮಿತಾಳ ಕೈಗೆ ಹಾಕಿದಳು. “ಹುಚ್ಚ. ಅದಕ್ಕೇ ನಾಚಿಕೆ ಅವನಿಗೆ” ಎಂದಳು. ಹಿಂದಿನವಳಿಗೂ ಅದನ್ನೇ ಹೇಳಿದಳು, ಅದರ ಹಿಂದಿನವಳಿಗೂ. ಸಾಲು ಮುಂದೆ ಸರಿಯಿತು. ವಿಸ್ಮಿತಾಳ ಕಟ್ಟುಗಳನ್ನು ನೋಡಿದ ಚೆಕ್ಕರ್ ಕೆಲವನ್ನು ಸಡಿಲ ಎಂದು ಬದಿಗೆ ಎಸೆದ.

ಬ್ರಾಂಚಿನಿಂದ ಅವಳು ನೇರ ಸೈಬರಿಗೆ ಹೋದಳು. ಅದೇ ಸಂಸ್ಥೆ ಬೆಳ್ತಂಗಡಿಗೂ ಒಬ್ಬರನ್ನು ಕೇಳಿದೆ ಎಂದು ಧನರಾಜ ಹೇಳಿ ಕಳಿಸಿದ್ದ. ತಾನೇ ಹಾಕಿ ಕೊಡುತ್ತೇನೆ, ದುಡ್ಡು ಬೇಡ ಎಂದಿದ್ದ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಹೆಸರು, ವಿಳಾಸ, ಅಂಕ ಎಲ್ಲ ಆಯಿತು. ಬಿಳಿ ಪೆಟ್ಟಿಗೆ ಬಂತು.

ಧನರಾಜ ಕೀಬೋರ್ಡಿನಿಂದ ಕೈ ತೆಗೆದ. “ನೀನೇ ಬರಿ. ಈ ಸಲ ಹೆಸರು ಹಾಕಿಯೇ ಬರಿ. ಬೇರೆ ಎಂತ ಬೇಕಾದ್ರೂ ತೆಗೆಯುವ. ನಾನು ಉಳಿಸಿಯೂ ಇಡುವುದಿಲ್ಲ, ನಿನ್ನ ಎದುರೇ ಅಳಿಸ್ತೇನೆ.”

ವಿಸ್ಮಿತಾ ಪೆಟ್ಟಿಗೆ ನೋಡಿದಳು. ಹಾವು ಕಚ್ಚಿ ಸತ್ತ ತಾಯಿ ಎಂದು ಈಗ ಬರೆದರೆ ಆ ಮೇಜಿನ ಹಿಂದೆ ಕೂತವರು ಇನ್ನೊಮ್ಮೆ ಮುಖ ಮುಖ ನೋಡಿಕೊಳ್ಳುತ್ತಾರೆ. ಮೊದಲನೆಯದು ತಿಲಕನದಾಗಿ ಹೋಗಿತ್ತು. ಅದರ ಮೇಲೆ ದಮಯಂತಿ ಎಂದು ಹೆಸರು ಅಂಟಿಸಿದರೂ ಕದ್ದ ಮಾಲಿಗೆ ಚೀಟಿ ಅಂಟಿಸಿದ ಹಾಗೆಯೇ ಕಾಣುತ್ತದೆ. ನಿಜ ಹೇಳುವ ದಾರಿ ಅವಳಿಗೆ ಇನ್ನಿಲ್ಲ.

“ನಿಮ್ಮ ಹಳೇದು ಉಂಟಲ್ಲ, ಶ್ರಮಜೀವಿ, ಪ್ರಾಮಾಣಿಕ. ಅದನ್ನೇ ಹಾಕಿ” ಎಂದಳು.

“ವಿಸ್ಮಿತಾ.”

“ಹಾಕಿ ಧನರಾಜಣ್ಣ.”

ಅವನು ಫೈಲು ತೆರೆದ, ಕಾಪಿ ಮಾಡಿದ, ಇಳಿಸಿದ. ಈ ಸಲ ಬಾಲ ಕಡಿಯಲಿಲ್ಲ. ಪೆಟ್ಟಿಗೆಯ ಕೆಳಗೆ ಉಳಿದ ಅಕ್ಷರಗಳ ಲೆಕ್ಕ ಬಂತು.

“ಇನ್ನೂ ಅರವತ್ತು ಅಕ್ಷರಕ್ಕೆ ಜಾಗ ಉಂಟು” ಎಂದ ಧನರಾಜ, ಪರದೆಯಿಂದ ಕಣ್ಣು ತೆಗೆಯದೆ. “ಎಂತಾದ್ರೂ ಸೇರಿಸುವುದಾ?”

“ಎಂತ ಇಲ್ಲ. ಒತ್ತಿ” ಎಂದಳು ವಿಸ್ಮಿತಾ.